ಸ್ಟೇರಿಂಗ್ ಹಿಡಿದವನಿಗೆ 17 ವರ್ಷ: ಅಣ್ಣನ ಕಾರಿನ ಕ್ಲೇಮು ಏನಾಯಿತು

ಅಣ್ಣನ ಕಾರು ಅಪಘಾತಕ್ಕೀಡಾದ ದಿನ ಅದರ ವಿಮೆ ಚಾಲ್ತಿಯಲ್ಲಿತ್ತು. ಬರೀ ಥರ್ಡ್ ಪಾರ್ಟಿ ಅಲ್ಲ, ಗಾಡಿಯ ಸ್ವಂತ ಹಾನಿಗೂ ರಕ್ಷಣೆ ಇರುವ ಪೂರ್ತಿ ಪಾಲಿಸಿ. ಪ್ರೀಮಿಯಂ ಒಂದು ವರ್ಷವೂ ತಪ್ಪಿರಲಿಲ್ಲ. ಆದರೂ ಗಾಡಿ ರಿಪೇರಿಗೆ ಕಂಪನಿಯಿಂದ ಒಂದು ರೂಪಾಯಿ ಬರಲಿಲ್ಲ. ಗಾಯಗೊಂಡ ಬೈಕ್ ಸವಾರನಿಗೆ ಕಂಪನಿ ಹಣ ಕೊಟ್ಟಿತು, ಆಮೇಲೆ ಅಷ್ಟನ್ನೂ ಅಣ್ಣನಿಂದ ವಸೂಲಿ ಮಾಡಲು ಕೋರ್ಟಿಗೆ ಬಂತು. ಕಾರು ಓಡಿಸುತ್ತಿದ್ದವನು ಅಣ್ಣನ ಮಗ. ಆಗ ಅವನಿಗೆ 17 ವರ್ಷ.

ಅಣ್ಣ ಆಳಂದ ತಾಲೂಕಿನ ನಮ್ಮೂರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ನಾನು ಕಲಬುರಗಿಯಲ್ಲಿ ಶಾಲಾ ಶಿಕ್ಷಕ. ಹೀಗಾಗಿ ಠಾಣೆ, ಗ್ಯಾರೇಜು, ವಿಮಾ ಕಚೇರಿ, ಕೋರ್ಟು ಎಲ್ಲದರ ಓಡಾಟ ನನ್ನ ಪಾಲಿಗೆ ಬಂತು. ಆ ಓಡಾಟದಲ್ಲಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಹತ್ತನೆತ್ತಿ ಮುಗಿಸಿದ ಹುಡುಗರ ಕೈಗೆ ಗಾಡಿ ಕೀಲಿ ಕೊಡದ ಮನೆಗಳು ಕಡಿಮೆ. ‘ಇನ್ಶೂರೆನ್ಸ್ ಅದ, ಏನಾದ್ರೂ ಆದ್ರ ಅವ್ರು ನೋಡ್ಕೋತಾರ’ ಎಂಬ ನಂಬಿಕೆಯೂ ಎಲ್ಲರಿಗಿದೆ.

2022ರ ಡಿಸೆಂಬರ್. ತೊಗರಿ ರಾಶಿಯ ಕಾಲ. ಹೊಲದಲ್ಲಿ ಮಷಿನ್ ನಡೆದಿತ್ತು, ಡೀಸೆಲ್ ಮುಗಿಯಿತು. ಅಣ್ಣ ಮಷಿನ್ ಬಿಟ್ಟು ಹೋಗುವಂತಿರಲಿಲ್ಲ. ಮಗನ ಕೈಗೆ ಕಾರಿನ ಕೀಲಿ, ಎರಡು ಕ್ಯಾನು ಕೊಟ್ಟು ಪೆಟ್ರೋಲ್ ಪಂಪಿಗೆ ಕಳಿಸಿದ. ಬರುವಾಗ ಹುಡುಗ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದನ್ನು ದಾಟಲು ಬಲಕ್ಕೆ ಸರಿದಿದ್ದಾನೆ. ಎದುರಿನಿಂದ ಬಂದ ಬೈಕಿಗೆ ಕಾರು ಬಡಿದು, ರಸ್ತೆ ಬದಿಯ ಜಾಲಿ ಮರಕ್ಕೆ ಹೋಗಿ ನಿಂತಿತು. ಬೈಕಿನವರು ಕಟ್ಟಡ ಕೆಲಸದ ಕೂಲಿಕಾರರು, 38 ವರ್ಷದವರು. ಎಡಗಾಲಿನ ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದಿದ್ದವು. ನಮ್ಮ ಹುಡುಗನಿಗೆ ಎದೆಗೆ ಸ್ಟೇರಿಂಗ್ ಒತ್ತಿ ಪೆಟ್ಟಾಗಿತ್ತು. ಇಬ್ಬರನ್ನೂ ಕಲಬುರಗಿಗೆ ತಂದರು.

ನಾನು ಶಾಲೆಯಿಂದ ನೇರ ಆಸ್ಪತ್ರೆಗೆ ಹೋದೆ. ಅಷ್ಟರಲ್ಲಿ ಡ್ಯೂಟಿ ಡಾಕ್ಟರು ಹುಡುಗನನ್ನು ಕೇಳಿ ಬರೆದುಕೊಂಡಿದ್ದರು: ಕಾರು ಚಲಾಯಿಸುತ್ತಿದ್ದಾಗ ರಸ್ತೆ ಅಪಘಾತ, ಸಮಯ ಇಷ್ಟು, ಸ್ಥಳ ಇಂಥದ್ದು. ಇದು ಎಂಎಲ್‌ಸಿ, ಅಂದರೆ ಪೊಲೀಸರಿಗೆ ಸುದ್ದಿ ಹೋಗುವ ಪ್ರಕರಣಗಳಿಗೆಂದು ಆಸ್ಪತ್ರೆಯಲ್ಲಿ ಇಡುವ ವಹಿ. ಯಾರ ತಲೆಯಲ್ಲೂ ವಿಮೆಯ ವಿಚಾರ ಬರುವ ಮೊದಲೇ ಬರೆದಿಟ್ಟ ಆ ಎರಡು ಸಾಲೇ ಮುಂದಿನ ಎಲ್ಲ ಫೈಲುಗಳಿಗೆ ಬುನಾದಿಯಾಯಿತು.

ಅದೇ ರಾತ್ರಿ ವಾರ್ಡಿನ ಹೊರಗೆ ಪರಿಚಯದವರೊಬ್ಬರು ನನ್ನನ್ನು ಬದಿಗೆ ಕರೆದರು. ‘ಸರ, ಇನ್ನಾ ಕಂಪ್ಲೇಂಟ್ ಆಗಿಲ್ಲ. ನಿಮ್ಮ ಬಲ್ಲಿ ಲೈಸೆನ್ಸ್ ಅದ. ನೀವೇ ಹೊಡಿಲಿಕತ್ತಿದ್ರಿ ಅಂತ ಬರಸ್ರಿ. ಹುಡುಗನೂ ಉಳೀತಾನ, ಕ್ಲೇಮೂ ಆಗ್ತದ,’ ಎಂದರು. ಕೆಡುಕು ಬಯಸಿ ಹೇಳಿದ್ದಲ್ಲ. ಇಂಥ ಹೊತ್ತಿನಲ್ಲಿ ಸುಮಾರು ಎಲ್ಲ ಮನೆಗಳಿಗೂ ಯಾರೋ ಒಬ್ಬರು ಬಂದು ಹೇಳುವ ಮಾತಿದು. ಅಣ್ಣ ನನ್ನ ಮುಖ ನೋಡಿದ. ನಾನು ಆಗಲ್ಲ ಎಂದೆ. ಸುಳ್ಳು ಹೇಳುವುದು ತಪ್ಪೆಂಬುದು ಒಂದು ಮಾತಾಯಿತು. ಆದರೆ ಅಪಘಾತವಾದ ಹೊತ್ತಿಗೆ ನಾನು ಎಂಟನೆಯ ಇಯತ್ತೆಗೆ ಪಾಠ ಮಾಡುತ್ತಿದ್ದೆ, ಹಾಜರಿ ವಹಿಯಲ್ಲಿ ನನ್ನ ಸಹಿ ಇತ್ತು. ಎದೆಗೆ ಸ್ಟೇರಿಂಗ್ ಬಡಿದವನು ಒಳಗೆ ಮಲಗಿದ್ದ. ಆ ಸುಳ್ಳು ನಿಲ್ಲುವುದು ಸಾಧ್ಯವೇ ಇರಲಿಲ್ಲ.

ಅದು ಎಷ್ಟು ನಿಜವೆಂಬುದು ಮುಂದೆ ಕಂಡಿತು. ಕ್ಲೇಮು ಹಾಕಿದ ಕೆಲವು ವಾರಕ್ಕೆ ಕಂಪನಿಯಿಂದ ಇನ್ವೆಸ್ಟಿಗೇಟರ್ ಒಬ್ಬರು ಊರಿಗೆ ಬಂದರು. ಸರ್ವೇಯರ್ ನೋಡುವುದು ಗಾಡಿಯನ್ನು, ಇವರು ನೋಡುವುದು ಕಥೆಯನ್ನು. ಎಂಎಲ್‌ಸಿ ವಹಿಯ ನಕಲು ಮೊದಲೇ ತೆಗೆಸಿಕೊಂಡಿದ್ದರು. ಪೆಟ್ರೋಲ್ ಪಂಪಿನಲ್ಲಿ ಕ್ಯಾನು ತುಂಬಿಸಿಕೊಂಡವರು ಯಾರೆಂದು ಕೇಳಿದ್ದರು. ಡ್ರೈವರ್ ಸೀಟು ಎಷ್ಟು ಮುಂದಕ್ಕೆ ಎಳೆದಿದೆ ಎಂಬುದರ ಫೋಟೊ ಕೂಡ ಅವರ ಫೋನಿನಲ್ಲಿತ್ತು. ಗಿಡ್ಡ ಹುಡುಗ ಓಡಿಸಿದ ಗಾಡಿಯ ಸೀಟು ಮುಂದಿರುತ್ತದೆ, ಎತ್ತರದ ಅಪ್ಪ ಓಡಿಸಿದೆ ಎಂದರೆ ಹೊಂದುವುದಿಲ್ಲ ಎಂದು ಅವರೇ ಹೇಳಿದರು. ಹೆಸರು ಬದಲಿಸಿ ಸಿಕ್ಕಿಬಿದ್ದ ಮೇಲೆ ಲೈಸೆನ್ಸ್ ವಿಷಯ ಹಿಂದಕ್ಕೆ ಸರಿದು, ಸುಳ್ಳು ಹೇಳಿಕೆ ಕೊಟ್ಟದ್ದೇ ಕ್ಲೇಮು ತಳ್ಳಲು ಸಾಕಾಗುವ ಕಾರಣವಾಗುತ್ತದೆ. ಹೆಸರು ಕೊಟ್ಟವನ ಮೇಲೆ ಬೇರೆ ಕೇಸು ಬರುತ್ತದೆ. ಅದಕ್ಕಿಂತ ಕೆಟ್ಟದ್ದು, ಡ್ರೈವರ್ ಯಾರೆಂಬುದೇ ತಕರಾರಾಗಿ ಗಾಯಾಳುವಿನ ಪರಿಹಾರ ವರ್ಷಗಟ್ಟಲೆ ನಿಂತುಬಿಡುತ್ತದೆ. ಕಾಲು ಮುರಿದು ಮಲಗಿದವರಿಗೆ ನಾವು ಮಾಡುವ ಎರಡನೆಯ ಅನ್ಯಾಯ ಅದು.

ಅಣ್ಣ ಠಾಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಸಿದ: ಮಗನನ್ನು ಡೀಸೆಲ್ ತರಲು ನಾನೇ ಕಳಿಸಿದ್ದೆ. ಅಜಾಗರೂಕ ಚಾಲನೆ ಮತ್ತು ತೀವ್ರ ಗಾಯದ ಕಲಮುಗಳ ಜೊತೆಗೆ ಮೋಟಾರು ವಾಹನ ಕಾಯ್ದೆಯ 180 ಮತ್ತು 199ಎ ಬಿದ್ದವು. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟದ್ದಕ್ಕೆ 180. 199ಎ 2019ರ ತಿದ್ದುಪಡಿಯಲ್ಲಿ ಬಂದದ್ದು. 18 ತುಂಬದವರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರು ಅಥವಾ ಗಾಡಿಯ ಮಾಲೀಕರನ್ನೇ ತಪ್ಪಿತಸ್ಥರೆಂದು ಹಿಡಿಯುತ್ತದೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಮಕ್ಕಳು ನನಗೆ ಗೊತ್ತಿಲ್ಲದೆ ಒಯ್ದರು, ಅಥವಾ ತಡೆಯಲು ಮಾಡಬೇಕಾದದ್ದೆಲ್ಲ ಮಾಡಿದ್ದೆ ಎಂದು ಮಾಲೀಕರು ಸಾಬೀತು ಮಾಡಿದರೆ ಬಿಡುಗಡೆ ಉಂಟು. ಆದರೆ ಸಾಬೀತು ಮಾಡುವ ಹೊರೆ ಮಾಲೀಕರ ಮೇಲೆಯೇ. ಒಪ್ಪಿಗೆ ಇತ್ತೆಂದೇ ಕೋರ್ಟು ಮೊದಲು ಭಾವಿಸುತ್ತದೆ.

ಹುಡುಗನ ಭಾಗ ಬಾಲ ನ್ಯಾಯ ಮಂಡಳಿಗೆ ಹೋಯಿತು, ಅಣ್ಣನ ಭಾಗ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಮೋಟಾರು ವಾಹನ ನಿರೀಕ್ಷಕರು ಬಂದು ಬ್ರೇಕು, ಸ್ಟೇರಿಂಗ್ ನೋಡಿ, ಯಂತ್ರದ ದೋಷದಿಂದ ಅಪಘಾತವಾಗಿಲ್ಲ ಎಂದು ವರದಿ ಕೊಟ್ಟರು. ಆಮೇಲೆ ಕೋರ್ಟಿನ ಆದೇಶ ಪಡೆದು, ಬಾಂಡ್ ಬರೆದುಕೊಟ್ಟು ಗಾಡಿ ಬಿಡಿಸಿಕೊಂಡೆವು.

ಗಾಡಿ ಗ್ಯಾರೇಜಿಗೆ ಹೋದ ಮೇಲೆ ಕ್ಲೇಮಿನ ಕೆಲಸ ಶುರುವಾಯಿತು. ಅಪಘಾತವಾದ ರಾತ್ರಿಯೇ ಫೋನಿನಲ್ಲಿ ಕಂಪನಿಗೆ ತಿಳಿಸಿ ನಂಬರು ಪಡೆದಿದ್ದೆ. ಗ್ಯಾರೇಜಿನವರು 2,10,000 ರೂಪಾಯಿ ಎಸ್ಟಿಮೇಟ್ ಕೊಟ್ಟರು. ಬಾನೆಟ್, ರೇಡಿಯೇಟರ್, ಮುಂದಿನ ಬಂಪರ್, ಎಡಗಡೆಯ ಸಸ್ಪೆನ್ಷನ್ ಎಲ್ಲ ಹೋಗಿತ್ತು. ಸರ್ವೇಯರ್ ಬಂದು ಒಂದೊಂದು ಭಾಗದ ಫೋಟೊ ತೆಗೆದು, ಕ್ಲೇಮ್ ಫಾರ್ಮಿನ ಜೊತೆ ಆರ್‌ಸಿ, ಪಾಲಿಸಿ, ಎಫ್‌ಐಆರ್, ಡ್ರೈವರನ ಲೈಸೆನ್ಸ್ ಕೇಳಿದರು. ಡ್ರೈವರನ ಹೆಸರು, ವಯಸ್ಸು, ಲೈಸೆನ್ಸ್ ನಂಬರು, ಯಾವ ವರ್ಗದ ಗಾಡಿಗೆ ಎಂಬ ಸಾಲುಗಳಿಗೆ ಬಂದಾಗ ಅಣ್ಣನ ಮುಖದಲ್ಲಿ ಒಂದು ಆಸೆ ಮೂಡಿತು.

‘ತಮ್ಮಾ, ಇವನ ಬಲ್ಲಿ ಎಲ್‌ಎಲ್‌ಆರ್ ಅದಲ್ಲ. ಅದು ಕೊಟ್ರ ಆಗಂಗಿಲ್ಲೇನು?’

ಹುಡುಗನ ಹತ್ತಿರ ಕಲಿಕಾ ಲೈಸೆನ್ಸ್ ಇದ್ದದ್ದು ಖರೆ. 16 ತುಂಬಿದಾಗ ಅಣ್ಣನೇ ಸಹಿ ಮಾಡಿ ಕೊಡಿಸಿದ್ದ. ಆದರೆ ಅದು 50 ಸಿಸಿ ಮೀರದ ದ್ವಿಚಕ್ರಕ್ಕೆ. ಕಾಯ್ದೆ 16 ವರ್ಷಕ್ಕೆ ಕೊಡುವುದು ಅಷ್ಟನ್ನೇ, ಕಾರಿಗೆ 18 ತುಂಬಲೇಬೇಕು. ಕಲಿಕಾ ಲೈಸೆನ್ಸಿನಲ್ಲಿ ಗಾಡಿಯ ವರ್ಗ ಬರೆದಿರುತ್ತದೆ, ಆ ವರ್ಗದ ಹೊರಗೆ ಅದಕ್ಕೆ ಬೆಲೆಯಿಲ್ಲ. 199ಎ ಕಲಮಿನಲ್ಲಿ ಕಲಿಕಾ ಲೈಸೆನ್ಸ್ ಇರುವ ಮಕ್ಕಳ ವಿಷಯದಲ್ಲಿ ಒಂದು ವಿನಾಯಿತಿ ಇದೆ. ಅದೂ ಲೈಸೆನ್ಸಿನಲ್ಲಿರುವ ವರ್ಗದ ಗಾಡಿಯನ್ನೇ ಓಡಿಸುತ್ತಿದ್ದರೆ ಮಾತ್ರ. ‘ಎಲ್‌ಎಲ್‌ಆರ್ ಅದ’ ಎಂದು ಧೈರ್ಯವಾಗಿರುವ ಅಪ್ಪಂದಿರು ಆ ಹಾಳೆಯನ್ನು ತೆಗೆದು ವರ್ಗದ ಕಾಲಂ ಓದಬೇಕು.

ಫಾರ್ಮಿನಲ್ಲಿ ನಿಜ ಬರೆದು ಕೊಟ್ಟೆವು. ಕ್ಲೇಮು ತಿರಸ್ಕರಿಸಿದ ಪತ್ರ ಬಂತು. ಅದರಲ್ಲಿ ಪಾಲಿಸಿಯ ಡ್ರೈವರ್ ಕಲಮನ್ನು ಪೂರ್ತಿ ಎತ್ತಿ ಬರೆದಿದ್ದರು. ಪ್ರತಿ ಕಾರು ಪಾಲಿಸಿಯಲ್ಲೂ ಇರುವ, ಯಾರೂ ಓದದ ಕಲಮು ಅದು. ಅದರ ಸಾರ ಇಷ್ಟು: ವಿಮೆ ಮಾಡಿಸಿದವರೂ ಸೇರಿ ಯಾರು ಬೇಕಾದರೂ ಗಾಡಿ ಓಡಿಸಬಹುದು, ಆದರೆ ಅಪಘಾತದ ಸಮಯದಲ್ಲಿ ಅವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಲೈಸೆನ್ಸ್ ಪಡೆಯಲು ಅನರ್ಹರಾಗಿರಬಾರದು. ಕಲಿಕಾ ಲೈಸೆನ್ಸ್ ಇರುವವರೂ ಓಡಿಸಬಹುದು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿದ್ದರೆ.

ಸ್ವಂತ ಹಾನಿಯ ಕ್ಲೇಮು ಮಾಲೀಕ ಮತ್ತು ಕಂಪನಿಯ ನಡುವಿನ ಕರಾರು. ಕರಾರಿನ ಷರತ್ತು ಮುರಿದರೆ ಕಂಪನಿ ಕೊಡಬೇಕಿಲ್ಲ. 17ರ ಹುಡುಗನಿಗೆ ಕಾರಿನ ಲೈಸೆನ್ಸ್ ಇಲ್ಲದಿರುವುದಷ್ಟೇ ಅಲ್ಲ, ಪಡೆಯುವ ಅರ್ಹತೆಯೇ ಇಲ್ಲ. ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡೋಣವೇ ಎಂದು ವಕೀಲರನ್ನು ಕೇಳಿದೆ. ಕರ್ನಾಟಕದ ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲಿದೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾದು, ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬಹುದು, ಶುಲ್ಕವಿಲ್ಲ. ‘ಹೋಗ್ಲಿಕ್ಕೆ ಹರಕತ್ತಿಲ್ರಿ, ಆದ್ರ ಏನಂತ ಹೇಳ್ತೀರಿ? ಹುಡುಗನ ವಯಸ್ಸು ಮಾರ್ಕ್ಸ್ ಕಾರ್ಡಿನ್ಯಾಗ ಅದ,’ ಎಂದರು ವಕೀಲರು. ನಾವು ಹೋಗಲಿಲ್ಲ. ರಿಪೇರಿಯ ಹಣ ತೊಗರಿ ಮಾರಿ ಕಟ್ಟಿದ್ದಾಯಿತು. ಹುಡುಗನ ಆಸ್ಪತ್ರೆಯ ಖರ್ಚಿಗೂ ಈ ಪಾಲಿಸಿಯಿಂದ ಏನೂ ಬರಲಿಲ್ಲ. ಅದರಲ್ಲಿದ್ದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಗಾಡಿಯ ಮಾಲೀಕರಿಗೆ, ಅದೂ ಅವರ ಬಳಿ ಲೈಸೆನ್ಸ್ ಇದ್ದಾಗ. ಮಗನಿಗೆ ಅದು ಸಲ್ಲುವುದಿಲ್ಲ.

ಅದೇ ಗ್ಯಾರೇಜಿನಲ್ಲಿ ನಮ್ಮ ಗಾಡಿಯ ಪಕ್ಕ ಇನ್ನೊಂದು ಕಾರು ನಿಂತಿತ್ತು. 19 ವರ್ಷದ ಹುಡುಗಿ ಕಲಿಯುತ್ತಿದ್ದಾಗ ರಿಂಗ್ ರೋಡಿನ ಡಿವೈಡರಿಗೆ ಬಡಿದದ್ದು. ಅವಳ ತಂದೆಯ ಜೊತೆ ಮಾತಾಡುತ್ತ ಕೂತಿದ್ದಾಗ ಅವರ ಫೈಲು ನೋಡಿದೆ. ಹುಡುಗಿಯ ಕಲಿಕಾ ಲೈಸೆನ್ಸ್ ಕಾರಿನ ವರ್ಗಕ್ಕೆ ಇತ್ತು, 6 ತಿಂಗಳ ಅವಧಿ ಮುಗಿದಿರಲಿಲ್ಲ. ಪಕ್ಕದ ಸೀಟಿನಲ್ಲಿ ತಂದೆ, ಅವರ ಬಳಿ ಕಾರಿನ ಪೂರ್ಣ ಲೈಸೆನ್ಸ್. ಗಾಡಿಯ ಮುಂದೆ ಹಿಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಫಲಕ. 3ನೇ ನಿಯಮ ಕೇಳುವುದು ಈ ಮೂರನ್ನೇ: ಚಾಲ್ತಿಯ ಕಲಿಕಾ ಲೈಸೆನ್ಸ್, ಗಾಡಿಯನ್ನು ತಡೆದು ನಿಲ್ಲಿಸಲು ಆಗುವ ಜಾಗದಲ್ಲಿ ಕೂತ ಲೈಸೆನ್ಸುದಾರ, ಎರಡೂ ಕಡೆ ಫಲಕ. ಸರ್ವೇಯರ್ ತಂದೆಯ ಲೈಸೆನ್ಸಿನ ನಕಲನ್ನೂ ತೆಗೆದುಕೊಂಡರು, ಫಲಕ ಕಾಣುವಂತೆ ಗಾಡಿಯ ಫೋಟೊ ತೆಗೆದರು. ಪ್ಲಾಸ್ಟಿಕ್ ಭಾಗಗಳ ಸವಕಳಿ ಅರ್ಧ, ಕಡ್ಡಾಯ ಕಡಿತ 1,000 ರೂಪಾಯಿ ಹಿಡಿದು ಉಳಿದದ್ದು ಪಾಸಾಯಿತು. ಡಿವೈಡರಿಗೆ ಬಡಿದದ್ದು ಕಲಿಯುವವರ ತಪ್ಪೇ. ಆದರೆ ವಿಮೆ ಇರುವುದು ಅಂಥ ತಪ್ಪುಗಳಿಗಾಗಿಯೇ, ಕಂಪನಿ ಆ ಮಾತನ್ನೇ ಎತ್ತಲಿಲ್ಲ. ಅದೇ ಹುಡುಗಿ ಒಬ್ಬಳೇ ಹೊರಟಿದ್ದರೆ ಪಾಲಿಸಿಯ ಷರತ್ತು ಮುರಿಯುತ್ತಿತ್ತು, ಗಾಡಿ ರಿಪೇರಿಯ ಕ್ಲೇಮಿಗೆ ತಕರಾರು ಬರುತ್ತಿತ್ತು. ಬೇರೆಯವರಿಗೆ ಗಾಯವಾಗಿದ್ದರೆ ಅದರ ಲೆಕ್ಕ ಬೇರೆ. ಕಲಿಕಾ ಲೈಸೆನ್ಸೂ ಲೈಸೆನ್ಸೇ, ಆ ನೆಪದಲ್ಲಿ ಗಾಯಾಳುವಿಗೆ ಕೊಡುವ ಹೊಣೆಯಿಂದ ಕಂಪನಿ ಜಾರಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಸ್ವರ್ಣ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ನಮಗೆ ದೊಡ್ಡ ಹೊಡೆತ ಬಿದ್ದದ್ದು ಗಾಡಿಯಿಂದಲ್ಲ, ಗಾಯಾಳುವಿನ ಪರಿಹಾರದಿಂದ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಅವರು ಅವಧಿಯೊಳಗೇ ಕಲಬುರಗಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಎದುರುದಾರರು ಇಬ್ಬರು: ಗಾಡಿಯ ಮಾಲೀಕ ಅಣ್ಣ, ಮತ್ತು ವಿಮಾ ಕಂಪನಿ. ನೋಟಿಸು ಬಂದಾಗ ಅಣ್ಣ, ‘ಇದು ಕಂಪನಿ ನೋಡ್ಕೋತದ ಬಿಡು,’ ಎಂದ. ಹಾಗೆ ಅಂದುಕೊಂಡು ಮಾಲೀಕರು ವಕೀಲರನ್ನೇ ಇಡದೆ ಕೂರುವುದು ನಮ್ಮಲ್ಲಿ ಸಾಮಾನ್ಯ. ಲೈಸೆನ್ಸಿನ ತಕರಾರು ಇರುವ ಪ್ರಕರಣದಲ್ಲಿ ಕಂಪನಿ ಮಾಲೀಕನ ಜೊತೆಗಿರುವುದಿಲ್ಲ, ಅವನ ಎದುರಿಗಿರುತ್ತದೆ. ಇದನ್ನು ಅಣ್ಣನಿಗೆ ಮನದಟ್ಟು ಮಾಡಿಸಲು ನನಗೆ ಸಾಕುಬೇಕಾಯಿತು.

ಕಂಪನಿಯ ವಕೀಲರು ಷರತ್ತು ಮುರಿದದ್ದನ್ನು ಸಾಬೀತು ಮಾಡಬೇಕಿತ್ತು. ಬಾಯಿಮಾತಿನಲ್ಲಿ ಲೈಸೆನ್ಸ್ ಇಲ್ಲ ಎಂದರೆ ಸಾಲದು, ಮಾಲೀಕನಿಗೆ ಗೊತ್ತಿದ್ದೂ ಗಾಡಿ ಕೊಟ್ಟಿದ್ದಾನೆ ಎಂಬುದನ್ನೂ ತೋರಿಸಬೇಕೆಂದು ಅದೇ 2004ರ ತೀರ್ಪು ಹೇಳುತ್ತದೆ. ಅವರು ಮೂರು ಕಾಗದ ಹಾಜರುಪಡಿಸಿದರು: ಹುಡುಗನ ಹತ್ತನೆತ್ತಿಯ ಮಾರ್ಕ್ಸ್ ಕಾರ್ಡು, ಪೊಲೀಸರ ಚಾರ್ಜ್‌ಶೀಟು, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅಣ್ಣ ತಪ್ಪೊಪ್ಪಿಕೊಂಡ ಆದೇಶದ ನಕಲು. ಮೂರನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ಆ ಕೇಸಿನಲ್ಲಿ ಅಣ್ಣ ತಪ್ಪೊಪ್ಪಿಕೊಂಡ, ಕೋರ್ಟು ಏಳುವವರೆಗಿನ ಶಿಕ್ಷೆ ಮತ್ತು ದಂಡವಾಗಿ ಅಲ್ಲಿಗೆ ಅದು ಮುಗಿದಿತ್ತು. ಬಹಳ ಜನ ಹೀಗೆಯೇ, ದಂಡ ಕಟ್ಟಿ ಕೈ ತೊಳೆದುಕೊಳ್ಳೋಣ ಎಂದು ಒಪ್ಪಿಕೊಳ್ಳುತ್ತಾರೆ. ಆ ಒಪ್ಪಿಗೆ ಪರಿಹಾರದ ಕೇಸಿನಲ್ಲಿ ಸಾಕ್ಷ್ಯವಾಗಿ ಬರುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಅಣ್ಣನ ಸಂಗತಿಯಲ್ಲಿ ನಿಜವೂ ಅದೇ ಆಗಿದ್ದರಿಂದ ಬೇರೆ ಹಾದಿ ಇರಲಿಲ್ಲ. ಆದರೆ ಮಗ ನಿಜವಾಗಿಯೂ ಹೇಳದೆ ಕೇಳದೆ ಕೀಲಿ ಒಯ್ದಿದ್ದ ಮನೆಯವರು ದಂಡದ ಕೌಂಟರಿನಲ್ಲಿ ಅವಸರ ಮಾಡಬಾರದು. ಎರಡೂ ಕೇಸುಗಳನ್ನು ಒಬ್ಬರೇ ವಕೀಲರಿಗೆ ತೋರಿಸಿ ಹೆಜ್ಜೆ ಇಡಬೇಕು.

ಕಂಪನಿಯ ವಾದ ಅಲ್ಲಿಗೆ ನಿಲ್ಲಲಿಲ್ಲ. ಓಡಿಸಿದವನು ಅಪ್ರಾಪ್ತ, ಹಾಗಾಗಿ ನಮಗೆ ಹೊಣೆಯೇ ಇಲ್ಲ, ಮಾಲೀಕನೇ ನೇರವಾಗಿ ಕೊಡಲಿ ಎಂದರು. ಅದಕ್ಕೆ 2008ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಮುಂದಿಟ್ಟರು. ಅದೂ ಕಾರು ಮಾಲೀಕನ ಅಪ್ರಾಪ್ತ ಮಗ ಓಡಿಸಿದ ಪ್ರಕರಣವೇ, ಅದರಲ್ಲಿ ಕಂಪನಿಯನ್ನು ಹೊಣೆಯಿಂದ ಬಿಟ್ಟಿದ್ದಾರೆ. ಗಾಯಾಳುವಿನ ವಕೀಲರು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರಲ್ಲಿ ಕೊಟ್ಟ ತೀರ್ಪನ್ನು ಓದಿದರು: ಪಾಲಿಸಿಯ ಷರತ್ತು ಮುರಿದಿದ್ದರೂ ಮೂರನೆಯವರಿಗೆ ಕಂಪನಿ ಮೊದಲು ಹಣ ಕೊಡಬೇಕು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು. ಕೋರ್ಟಿನ ಆವರಣದಲ್ಲಿ ಇದಕ್ಕೆ ‘ಪೇ ಅಂಡ್ ರಿಕವರಿ’ ಎನ್ನುತ್ತಾರೆ. ನ್ಯಾಯಮಂಡಳಿ ಎರಡನೆಯದನ್ನು ಒಪ್ಪಿತು. ನನಗೆ ಆ ದಿನ ಸಮಾಧಾನವೇ ಆಯಿತು. ನಮ್ಮ ಹುಡುಗನಿಂದ ಕಾಲು ಮುರಿದುಕೊಂಡವರು ಹಣಕ್ಕಾಗಿ ಅಣ್ಣನ ಮನೆ ಬಾಗಿಲಿಗೆ ಅಲೆಯುವುದು ತಪ್ಪಿತು.

ಪರಿಹಾರದ ಲೆಕ್ಕ ಹೀಗಿತ್ತು. ತಿಂಗಳ ದುಡಿಮೆ 15,000 ರೂಪಾಯಿ ಎಂದು ಹಿಡಿದರು. ಡಾಕ್ಟರು ಕಾಲಿನ ಊನ ನೂರಕ್ಕೆ 36 ಎಂದಿದ್ದರು. ಇಡೀ ದೇಹಕ್ಕೆ ಅದರ ಮೂರನೇ ಒಂದು ಪಾಲು, ಅಂದರೆ ನೂರಕ್ಕೆ 12 ಎಂದು ನ್ಯಾಯಮಂಡಳಿ ತೆಗೆದುಕೊಂಡಿತು. 36ರಿಂದ 40 ವರ್ಷದವರಿಗೆ ಗುಣಕ 15. ವರ್ಷದ ದುಡಿಮೆ 1,80,000, ಅದನ್ನು 15ರಿಂದ ಗುಣಿಸಿ ನೂರಕ್ಕೆ 12 ತೆಗೆದರೆ 3,24,000. ಇದು ಮುಂದಿನ ದುಡಿಮೆಯ ನಷ್ಟ. ಆಸ್ಪತ್ರೆ ಬಿಲ್ಲುಗಳು 1,48,000. ನಾಲ್ಕು ತಿಂಗಳು ಕೆಲಸಕ್ಕೆ ಹೋಗದ್ದಕ್ಕೆ 60,000, ನೋವಿಗೆ 50,000, ಬದುಕಿನ ಸುಖ ಕಳೆದುಕೊಂಡದ್ದಕ್ಕೆ 40,000, ಊಟ, ಓಡಾಟ, ನೋಡಿಕೊಂಡವರ ಖರ್ಚಿಗೆ 28,000. ಒಟ್ಟು 6,50,000 ರೂಪಾಯಿ, ಅರ್ಜಿಯ ದಿನದಿಂದ ವರ್ಷಕ್ಕೆ ನೂರಕ್ಕೆ 6ರಂತೆ ಬಡ್ಡಿ. ಎರಡು ವರ್ಷದ ಬಡ್ಡಿ 78,000 ಸೇರಿ ಕಂಪನಿ ನ್ಯಾಯಮಂಡಳಿಯಲ್ಲಿ ಠೇವಣಿ ಇಟ್ಟದ್ದು 7,28,000.

ಮೇಲ್ಮನವಿಯ ಮಾತೂ ಬಂತು. ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇರುವುದರಿಂದ ನಮ್ಮ ಭಾಗದವರು ಬೆಂಗಳೂರಿಗೆ ಹೋಗಬೇಕಿಲ್ಲ. ತೀರ್ಪಾದ 90 ದಿನದೊಳಗೆ ಹೋಗಬಹುದು. ಆದರೆ ಏನೆಂದು ಹೋಗುವುದು? ಹುಡುಗನ ವಯಸ್ಸು ತಕರಾರಿಲ್ಲದ್ದು, ಪರಿಹಾರದ ಮೊತ್ತವೂ ಹೆಚ್ಚೇನಲ್ಲ. ಮೇಲ್ಮನವಿ ಹಾಕಿದರೆ ಬಡ್ಡಿ ಬೆಳೆಯುತ್ತದೆ ಎಂದು ವಕೀಲರು ನೇರವಾಗಿ ಹೇಳಿದರು. ಬಿಟ್ಟೆವು.

ಠೇವಣಿ ಇಟ್ಟ ಮೇಲೆ ಕಂಪನಿ ಹೊಸದಾಗಿ ದಾವೆ ಹೂಡಲಿಲ್ಲ. ಅದರ ಅಗತ್ಯವಿಲ್ಲ, ಅದೇ ತೀರ್ಪಿನ ಆಧಾರದ ಮೇಲೆ ಮಾಲೀಕನ ವಿರುದ್ಧ ಅಮಲ್ಜಾರಿ ಅರ್ಜಿ, ಅಂದರೆ ತೀರ್ಪನ್ನು ಜಾರಿ ಮಾಡಿಸಿ ಹಣ ವಸೂಲು ಮಾಡಿಸುವ ಅರ್ಜಿ, ಹಾಕಬಹುದು. ಅದಕ್ಕೆ ಕರಾರು ಮುರಿದದ್ದನ್ನು ಮತ್ತೆ ಸಾಬೀತು ಮಾಡಬೇಕಿಲ್ಲ. ಅರ್ಜಿಯ ಜೊತೆ ಅಣ್ಣನ ಹೊಲದ ಪಹಣಿ ಲಗತ್ತಿಸಿದ್ದರು. ಸರ್ವೆ ನಂಬರು, ಎಕರೆ ಗುಂಟೆ ಎಲ್ಲ ಸರಿಯಾಗಿ ಬರೆದಿತ್ತು. ಕೋರ್ಟು ಜಪ್ತಿ ಆದೇಶ ಮಾಡಿ ತಹಶೀಲ್ದಾರ ಕಚೇರಿಗೆ ಪತ್ರ ಕಳಿಸಿತು, ಪಹಣಿಯ 11ನೇ ಕಾಲಮಿನಲ್ಲಿ ಅದು ನಮೂದಾಯಿತು. ಹೊಲ ಉಳುವುದಕ್ಕೆ ಅಡ್ಡಿಯಿಲ್ಲ. ಆದರೆ ಮಾರಲು, ಒತ್ತೆ ಇಡಲು ಆಗುವುದಿಲ್ಲ. ಬೆಳೆಸಾಲ ನವೀಕರಿಸಲು ಹೋದಾಗ ಬ್ಯಾಂಕಿನವರು ಆ ಕಾಲಂ ತೋರಿಸಿ ಅಣ್ಣನನ್ನು ವಾಪಸ್ ಕಳಿಸಿದರು. ಆ ಸಂಜೆ ವೈನಿ ಫೋನಿನಲ್ಲಿ ಅತ್ತರು. ಹುಡುಗ, ‘ಕಾಕಾ, ನಾ ಸಾಲಿ ಬಿಟ್ಟು ದುಡೀಲಿಕ್ಕಿ ಹೋಗ್ತೀನಿ,’ ಎಂದ. ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಕಾಲೇಜು ಬಿಡಬೇಡ, ಹಣದ ಮಾತು ದೊಡ್ಡವರಿಗೆ ಬಿಡು ಎಂದೆ.

ಕಂಪನಿಯ ವಕೀಲರ ಜೊತೆ ಮಾತಾಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಹೊಲ ಹರಾಜು ಹಾಕಿಸುವುದು ಅವರಿಗೂ ವರ್ಷಗಟ್ಟಲೆಯ ಕೆಲಸ. ಅಸಲಿನ ಒಂದು ಭಾಗ ಕೂಡಲೇ ಕಟ್ಟಿ, ಉಳಿದದ್ದನ್ನು ತೊಗರಿ ಮಾರುವ ಕಾಲಕ್ಕೆ ಕಂತಿನಲ್ಲಿ ಕೊಡುತ್ತೇವೆ ಎಂದು ಕೋರ್ಟಿನಲ್ಲಿ ಜಂಟಿ ಮೆಮೊ ಸಲ್ಲಿಸಿದೆವು. ನ್ಯಾಯಾಧೀಶರು ಒಪ್ಪಿದರು. ಹಣವನ್ನು ಯಾರ ಕೈಗೂ ಕೊಡದೆ ಪ್ರತಿ ಕಂತನ್ನೂ ಕೋರ್ಟಿನಲ್ಲೇ ಕಟ್ಟಿ ಚಲನ್ ತೆಗೆದುಕೊಂಡಿದ್ದೇವೆ. ಹೊರಗೆ ಕೊಟ್ಟ ಹಣ, ಕೋರ್ಟಿಗೆ ತಿಳಿಸದಿದ್ದರೆ, ಕೊಟ್ಟ ಲೆಕ್ಕಕ್ಕೇ ಬರುವುದಿಲ್ಲ.

ಕಾರಿನ ನೋಂದಣಿ ರದ್ದಾಗಿದ್ದ 12 ತಿಂಗಳು ಅದು ಅಂಗಳದಲ್ಲಿ ತಾಡಪತ್ರೆಯ ಕೆಳಗೆ ನಿಂತಿತ್ತು. ಅವಧಿ ಮುಗಿದ ಮೇಲೆ ಕಲಬುರಗಿಯ ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಕೊಟ್ಟು, ಗಾಡಿ ತೋರಿಸಿ, ಮತ್ತೆ ನೋಂದಣಿ ಮಾಡಿಸಿದೆವು. ಹುಡುಗನಿಗೆ 18 ತುಂಬಿ ಬಹಳ ದಿನವಾಯಿತು, ಆದರೆ 25ರವರೆಗೆ ಲೈಸೆನ್ಸ್ ಸಿಗುವುದಿಲ್ಲ. ಡೀಸೆಲ್ ತರಲು ಈಗ ಅಣ್ಣನೇ ಹೋಗುತ್ತಾನೆ, ಇಲ್ಲವೇ ಲೈಸೆನ್ಸ್ ಇರುವ ಪಕ್ಕದ ಹೊಲದವರನ್ನು ಕೇಳುತ್ತಾನೆ.

ಕೊನೆಯ ಕಂತು ಬರುವ ಸುಗ್ಗಿಗೆ ಮುಗಿಯುತ್ತದೆ. ಆಗ ಒಂದು ಕೆಲಸ ಬಾಕಿ ಇರುತ್ತದೆ ಎಂದು ವಕೀಲರು ಈಗಲೇ ಬರೆದುಕೊಟ್ಟಿದ್ದಾರೆ: ಹಣ ಪೂರ್ತಿ ಸಂದಿದೆ ಎಂದು ಕಂಪನಿಯಿಂದ ಮೆಮೊ ಹಾಕಿಸಿ, ಅಮಲ್ಜಾರಿ ಪ್ರಕರಣ ಮುಕ್ತಾಯದ ಆದೇಶದ ದೃಢೀಕೃತ ನಕಲು ಪಡೆದು, ಜಪ್ತಿ ತೆರವಿನ ಪತ್ರದ ಜೊತೆ ತಹಶೀಲ್ದಾರ ಕಚೇರಿಗೆ ಕೊಡಬೇಕು. ಸಾಲ ತೀರಿದರೂ 11ನೇ ಕಾಲಮಿನ ನಮೂದು ತಾನಾಗಿ ಹೋಗುವುದಿಲ್ಲ.